ಚಂದನಾಳ ಶ್ರೇಣಿಗೆ ತ್ರಿಜ್ಯವಿತ್ತು

ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅನ್ನುತ್ತಾರಲ್ಲ, ಕ್ರಾಂತಿಯದು ಅದೇ ಕಥೆ. ಅವನ ಅಪ್ಪ ಭೀಮರಾಜ ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದವರು, ಚಳವಳಿಯ ಹುರುಪಿನಲ್ಲಿದ್ದಾಗ ಹುಟ್ಟಿದ ಮಗನಿಗೆ ಆ ಹೆಸರಿಟ್ಟರು. ಮಗ ಬೆಳೆದು ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ಹೂವಿನಹಡಗಲಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾದ. ಅತಿಥಿ ಅನ್ನುವ ಮಾತು ಕೇಳುವುದಕ್ಕೆ ಚಂದ. ಆದರೆ ಅತಿಥಿಯಾದವನು ಮನೆಯ ಯಜಮಾನನ ಮುಖ ನೋಡಿಕೊಂಡೇ ಕೂರಬೇಕು, ಮುಖ ನೋಡಿಕೊಂಡೇ ಏಳಬೇಕು. ಕ್ರಾಂತಿಗೆ ಇದು ಚೆನ್ನಾಗಿ ರೂಢಿಯಾಗಿತ್ತು.

ಯಜಮಾನ ಅಂದರೆ ವಿಭಾಗದ ಮುಖ್ಯಸ್ಥರು, ಗುರುಬಸವರಾಜ ಸರ್. ಕ್ರಾಂತಿ ಇದೇ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ಅವನಿಗೆ ಪಾಠ ಹೇಳಿದವರು. ಎಂ.ಎಸ್ಸಿ.ಗೆ ಹೋಗು ಅಂತ ಬೆನ್ನು ತಟ್ಟಿದವರು. ವಾಪಸು ಬಂದಾಗ ಇಲ್ಲಿ ಕೆಲಸ ಉಂಟು ಅಂತ ಹೇಳಿ ಕಳಿಸಿದವರು. ಮುಂದಿನ ವರ್ಷದ ಪಾಠಗಳನ್ನು ಯಾರು ಯಾರಿಗೆ ಹಂಚಬೇಕು, ಅತಿಥಿಗೆ ಏನಾದರೂ ಉಳಿಯುತ್ತದೋ ಇಲ್ಲವೋ ಅನ್ನುವುದೂ ಅವರ ಕೈಯಲ್ಲೇ ಇತ್ತು. ಇಂಥವರ ಎದುರು ಬಾಯಿ ಬಿಡದಿರುವುದಕ್ಕೆ ಕ್ರಾಂತಿ ಗುರುಭಕ್ತಿ ಅಂತ ಹೆಸರಿಟ್ಟುಕೊಂಡಿದ್ದ. ಅದು ಹೆದರಿಕೆ. ಅವನಿಗೂ ಗೊತ್ತಿತ್ತು, ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ ಅಷ್ಟೆ.

ನಾನು ಹೇಳಹೊರಟಿದ್ದು ಒಂದು ಶನಿವಾರದ ಸಂಗತಿ. ಅವತ್ತು ಕೊನೆಯ ವರ್ಷದ ಹುಡುಗರ ಸೆಮಿನಾರ್. ಒಬ್ಬೊಬ್ಬರೂ ಒಂದೊಂದು ವಿಷಯ ಹಿಡಿದು ಬೋರ್ಡಿನ ಮುಂದೆ ನಿಂತು ಮಾತಾಡಬೇಕು. ಚೆನ್ನಾಗಿ ಮಾಡಿದ ಒಬ್ಬರನ್ನು ಹೊಸಪೇಟೆಯಲ್ಲಿ ನಡೆಯುವ ವಿದ್ಯಾರ್ಥಿಗಳ ಗಣಿತ ಗೋಷ್ಠಿಗೆ ಕಳಿಸುತ್ತಾರೆ. ಅಲ್ಲಿ ಯೂನಿವರ್ಸಿಟಿಯ ಪ್ರೊಫೆಸರುಗಳು ಬಂದು ಕೂರುತ್ತಾರೆ, ಹುಡುಗರನ್ನು ಕೇಳುತ್ತಾರೆ, ಹೆಸರು ಬರೆದುಕೊಂಡು ಹೋಗುತ್ತಾರೆ. ಇಟ್ಟಿಗಿ ಊರಿನ ಚಂದನಾ ಆ ಗೋಷ್ಠಿಗೆ ಹೋಗಲೇಬೇಕು ಅಂತ ಹಟ ತೊಟ್ಟಿದ್ದಳು. ಅವಳ ಅಪ್ಪ ಉಚ್ಚಂಗೆಪ್ಪ ಕುರಿ ಸಾಕುವವನು. ಡಿಗ್ರಿ ಮುಗಿದ ಮೇಲೆ ಓದು ಸಾಕು ಅನ್ನುವವನಲ್ಲ, ಆದರೆ ಓದಿಸು ಅಂತ ತಿಳಿದವರೊಬ್ಬರು ಬಾಯಿ ಬಿಟ್ಟು ಹೇಳಲಿ ಅಂತ ಕಾಯುವವನು. ಹೊಸಪೇಟೆಯಲ್ಲಿ ಅಂಥ ಮಾತು ಸಿಕ್ಕೀತು ಅಂತ ಮಗಳ ಆಸೆ.

ಅವಳಿಗೆ ಸಿಕ್ಕ ವಿಷಯ ಘಾತ ಶ್ರೇಣಿ, ಅಂದರೆ ಹುಡುಗರು ಪವರ್ ಸೀರೀಸ್ ಅನ್ನುವುದು. ಒಂದು ಸಂಖ್ಯೆ, ಅದಕ್ಕೆ x ಇರುವ ಒಂದು ಪದ, x² ಇರುವ ಒಂದು ಪದ, ಹೀಗೆ ಮುಗಿಯದ ಹಾಗೆ ಕೂಡಿಸುತ್ತಾ ಹೋಗುವುದು. x ಸಣ್ಣದಿದ್ದರೆ ಮೊತ್ತ ಒಂದು ನೆಲೆಗೆ ಬಂದು ನಿಲ್ಲುತ್ತದೆ, ದೊಡ್ಡದಾದರೆ ನಿಲ್ಲುವುದಿಲ್ಲ. ನಿಲ್ಲುವುದಕ್ಕೂ ನಿಲ್ಲದಿರುವುದಕ್ಕೂ ನಡುವಿನ ಗಡಿ ಸೊನ್ನೆಯಿಂದ ಎಷ್ಟು ದೂರ ಇದೆಯೋ ಅದು ಅಭಿಸರಣ ತ್ರಿಜ್ಯ. ಈಗ ಶ್ರೇಣಿಯ ಒಂದೊಂದೇ ಪದವನ್ನು ಬಿಡಿಬಿಡಿಯಾಗಿ ಅವಕಲಿಸಿದರೆ, ಹುಡುಗರ ಮಾತಿನಲ್ಲಿ ಡಿಫರೆನ್ಶಿಯೇಟ್ ಮಾಡಿದರೆ, ಹೊಸ ಶ್ರೇಣಿಯೊಂದು ಹುಟ್ಟುತ್ತದೆ. ಅದರಲ್ಲಿ ಸಹಗುಣಕಗಳೆಲ್ಲ, ಅಂದರೆ x ಗೆ ಗುಣಿಸಿದ ಸಂಖ್ಯೆಗಳೆಲ್ಲ, ದೊಡ್ಡವಾಗುತ್ತವೆ, ನೂರನೆಯ ಪದಕ್ಕೆ ನೂರರ ಗುಣಾಕಾರ, ಸಾವಿರನೆಯ ಪದಕ್ಕೆ ಸಾವಿರದ ಗುಣಾಕಾರ. ಇಷ್ಟೆಲ್ಲ ಉಬ್ಬಿದರೂ ತ್ರಿಜ್ಯ ಮಾತ್ರ ಒಂದು ಕೂದಲಷ್ಟೂ ಅಲುಗುವುದಿಲ್ಲ. ಯಾಕೆ ಅಂತ ತೋರಿಸುವುದು ಚಂದನಾಳ ಕೆಲಸ.

ಗುರುಬಸವರಾಜ ಸರ್ ಇದನ್ನು ಕ್ಲಾಸಿನಲ್ಲಿ ಎರಡೇ ಸಾಲಿನಲ್ಲಿ ಮುಗಿಸುತ್ತಿದ್ದರು. ಒಂದು ಸಹಗುಣಕವನ್ನು ಅದರ ಮುಂದಿನದರಿಂದ ಭಾಗಿಸು, ಲಿಮಿಟ್ ತೆಗೆ, ಅಂದರೆ ಮುಂದೆ ಹೋದ ಹಾಗೆ ಆ ಭಾಗಲಬ್ಧ ಯಾವ ಸಂಖ್ಯೆಯತ್ತ ಸರಿಯುತ್ತದೋ ಅದನ್ನು ಹಿಡಿ, ಸಿಕ್ಕಿದ್ದೇ ತ್ರಿಜ್ಯ. ಅವಕಲಿಸಿದ ಶ್ರೇಣಿಯಲ್ಲಿ ಅದೇ ಭಾಗಾಕಾರಕ್ಕೆ n ಭಾಗಿಸು n+1 ಅಂಟಿಕೊಳ್ಳುತ್ತದೆ, ಅದು ಒಂದಕ್ಕೆ ಹೋಗುತ್ತದೆ, ತ್ರಿಜ್ಯ ಹಾಗೇ ಉಳಿಯಿತು, ಮುಗಿಯಿತು. ಪರೀಕ್ಷೆಗೆ ಇದೇ ಬರುತ್ತಿತ್ತು, ಗೈಡುಗಳಲ್ಲಿ ಇದೇ ಇತ್ತು, ಬರೆದವರಿಗೆ ಪೂರ್ತಿ ಅಂಕವೂ ಸಿಗುತ್ತಿತ್ತು. ಕ್ರಾಂತಿ ಒಮ್ಮೆ ಪಾಠದ ನಡುವೆ, ಸರ್ ಇಲ್ಲದ ಧೈರ್ಯದಲ್ಲಿ, 'ಆ ಲಿಮಿಟ್ ಸಿಗದೇ ಹೋದ್ರ ಏನ್ ಮಾಡ್ತೀರಿ, ಯೋಚ್ನಿ ಮಾಡ್ರಿ' ಅಂದಿದ್ದ. ಅಂದವನು ಮರೆತಿದ್ದ. ಕೇಳಿದವಳು ಮರೆತಿರಲಿಲ್ಲ.

ಚಂದನಾ ಬೋರ್ಡಿನ ಮೇಲೆ ಬರೆದಳು: 1 + 2x + x² + 2x³ + x⁴ + 2x⁵ + …

"ಇದರಾಗ ಸಹಗುಣಕ ಒಂದು, ಎರಡು, ಒಂದು, ಎರಡು ಅಂತ ಹೊಂಟಾವ್ರಿ" ಅಂದಳು. "ಒಂದನ್ನ ಮುಂದಿಂದರಿಂದ ಭಾಗಿಸಿದ್ರ ಒಮ್ಮಿ ಅರ್ಧ ಬರ್ತತಿ, ಒಮ್ಮಿ ಎರಡು ಬರ್ತತಿ. ಲಿಮಿಟ್ ಇಲ್ಲ. ಅದಕ್ಕ ನಾನು ಬ್ಯಾರೆ ದಾರಿ ಹಿಡಿದೀನ್ರಿ."

ಕ್ರಾಂತಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದವನು ನೆಟ್ಟಗಾದ. ಅವಳು ಮೊದಲೇ ತನಗೆ ತೋರಿಸಿರಲಿಲ್ಲ. ಬೆರಗುಗೊಳಿಸಬೇಕು ಅಂತಲೇ ಮುಚ್ಚಿಟ್ಟಿದ್ದಳು ಅನ್ನುವುದು ಅವಳು ಒಮ್ಮೆ ಇತ್ತ ನೋಡಿ ನಕ್ಕಾಗಲೇ ತಿಳಿಯಿತು.

ಅವಳ ದಾರಿ ಹೀಗಿತ್ತು. ಗಡಿಯೊಳಗೆ ಒಂದು x ಹಿಡಿದಳು. ಆ x ಮತ್ತು ಗಡಿಯ ನಡುವೆ ಇನ್ನೊಂದು ಸಂಖ್ಯೆ r ಹಿಡಿದಳು. r ಕೂಡ ಗಡಿಯೊಳಗೇ ಇರುವುದರಿಂದ ಅಲ್ಲಿ ಮೂಲ ಶ್ರೇಣಿಯ ಮೊತ್ತ ನಿಲ್ಲುತ್ತದೆ. ಮೊತ್ತ ನಿಲ್ಲಬೇಕಾದರೆ ಪದಗಳು ಸೊನ್ನೆಯತ್ತ ಇಳಿಯಲೇಬೇಕು, ಹಾಗಾಗಿ r ಹಾಕಿದಾಗ ಯಾವ ಪದವೂ ಒಂದು ಮಿತಿ M ಅನ್ನು ಮೀರುವುದಿಲ್ಲ. ಇನ್ನು x ಅನ್ನು r ನಿಂದ ಭಾಗಿಸಿ, ಚಿಹ್ನೆ ಬಿಟ್ಟು ನೋಡಿದರೆ ಒಂದಕ್ಕಿಂತ ಸಣ್ಣ ಸಂಖ್ಯೆ, ಅದಕ್ಕೆ q ಅಂತ ಹೆಸರಿಟ್ಟಳು. ಅವಕಲಿಸಿದ ಶ್ರೇಣಿಯ n ನೆಯ ಪದ ಏನೇ ಉಬ್ಬಿದರೂ M ಭಾಗಿಸು r, ಅದಕ್ಕೆ n, ಅದಕ್ಕೆ q ನ n−1 ಘಾತ, ಈ ಗುಣಲಬ್ಧವನ್ನು ದಾಟುವುದಿಲ್ಲ.

"n ಏರಕೋತ ಹೊಂಟರ ಗಾಬರಿ ಬೀಳಬಾರ್ದ್ರಿ" ಅಂದಳು. "n ಏರೋದು ಒಂದೊಂದ ಹೆಜ್ಜಿ. q ನ ಘಾತ ಇಳಿಯೋದು ಪ್ರತಿ ಸಲ ತನ್ನ ಒಂದು ಪಾಲು ಕಳಕೊಂತ. ಕೊನಿಗೆ ಇಳಿಯೋದ ಗೆಲ್ತತಿ. ಅದನ್ನ ತೋರ್ಸಾಕ n ಗುಣಿಸು q ನ ಘಾತ, ಈ ಶ್ರೇಣಿಗೆ ರೇಶಿಯೋ ಟೆಸ್ಟ್, ಅಂದ್ರ ಒಂದೊಂದ ಪದಾನ ಅದರ ಹಿಂದಿನದರಿಂದ ಭಾಗಿಸಿ ನೋಡೋದು, ಹಾಕ್ತೀನ್ರಿ. ಅಂಚಿನ ಮ್ಯಾಲೆ, ಅಂದ್ರ x ಸರಿಯಾಗಿ ಗಡಿ ಮ್ಯಾಲ ಇದ್ದಾಗ, ಏನಾಗ್ತತಿ ಅಂತ ನಾನು ಹೇಳಂಗಿಲ್ಲ. ಅಲ್ಲಿ ಬದಲಾಗಬಹುದು. ಗಡಿ ಮಾತ್ರ ಬದಲಾಗಂಗಿಲ್ಲ."

"ತಡಿಯವಾ, ತಡಿ" ಅಂದರು ಗುರುಬಸವರಾಜ ಸರ್.

ಅವರು ಕುರ್ಚಿಯಿಂದ ಎದ್ದು ಬೋರ್ಡಿನ ಹತ್ತಿರ ಹೋದರು. ಕನ್ನಡಕ ಮೇಲೇರಿಸಿ ಅವಳ ಶ್ರೇಣಿಯನ್ನು ನೋಡಿದರು. "ಒಮ್ಮಿ ಅರ್ಧ, ಒಮ್ಮಿ ಎರಡು. ಲಿಮಿಟ್ ಇಲ್ಲ. ಲಿಮಿಟ್ ಇಲ್ಲ ಅಂದ ಮ್ಯಾಲೆ ಇದಕ್ಕ ರೇಡಿಯಸ್ಸ ಇಲ್ಲ. ರೇಡಿಯಸ್ ಇಲ್ಲದ್ದನ್ನ ತಂದು ರೇಡಿಯಸ್ ಬದಲಾಗಂಗಿಲ್ಲ ಅಂತೀಯಲ್ಲ, ಹುಟ್ಟದ ಕೂಸಿಗೆ ಕುಲಾವಿ ಹೊಲ್ದಂಗಾತು."

ಹುಡುಗರು ನಕ್ಕರು. ತಿಪ್ಪೇಶ ಅನ್ನುವವನು ಬೆಂಚು ಕುಟ್ಟಿಯೇ ನಕ್ಕ.

"ಇನ್ನೊಂದು" ಅಂದರು ಸರ್, ನಗು ಕೇಳಿ ಉಮೇದು ಬಂದು. "ರೇಶಿಯೋ ಬ್ಯಾಡ ಅಂತ ಮನಿ ಬಿಟ್ಟು ಹೋದಾಕಿ, ಕಡೀಕ ಬಂದು ಬಾಗಿಲು ಬಡದಿದ್ದು ರೇಶಿಯೋ ಮನೀದ. ನೀನ ಕೆಳಗ ರೇಶಿಯೋ ಟೆಸ್ಟ್ ಹಾಕೀಯಲ್ಲ?"

ನಗು ಇನ್ನೂ ಜೋರಾಯಿತು. ಚಂದನಾಳ ಕೈಯಲ್ಲಿದ್ದ ಚಾಕ್‌ಪೀಸು ಬೋರ್ಡಿನ ಹತ್ತಿರವೇ ನಿಂತುಬಿಟ್ಟಿತು. ಅವಳು ಹಿಂದಿನ ಬೆಂಚಿನತ್ತ ನೋಡಿದಳು.

ಗುರುಬಸವರಾಜ ಸರ್ ಕೂಡ ಅತ್ತಲೇ ತಿರುಗಿದರು. "ಏನಂತೀರಿ ಕ್ರಾಂತಿ ಸರ್? ನೀವು ಈಚೀಚೆಗೆ ಓದಿದವರು. ಹೇಳ್ರಿ."

ಕ್ರಾಂತಿಗೆ ಉತ್ತರ ಗೊತ್ತಿತ್ತು. ನಾಲಗೆಯ ತುದಿಯಲ್ಲೇ ಇತ್ತು. ಭಾಗಾಕಾರದ ಲಿಮಿಟ್ ತ್ರಿಜ್ಯವನ್ನು ಹುಡುಕುವ ಒಂದು ಉಪಾಯ, ತ್ರಿಜ್ಯವೇ ಅದಲ್ಲ. ಉಪಾಯ ನಡೆಯದಿದ್ದರೆ ಉಪಾಯ ಕೈಕೊಟ್ಟಿತು ಅಂತಷ್ಟೇ ಅರ್ಥ, ತ್ರಿಜ್ಯ ಎಲ್ಲಿಗೂ ಓಡಿಹೋಗಿಲ್ಲ. ಚಂದನಾಳ ಶ್ರೇಣಿಯ ತ್ರಿಜ್ಯ ಒಂದು, ಪಿಯುಸಿ ಹುಡುಗರೂ ಹೇಳಬಹುದು. ಇನ್ನು ಕೆಳಗೆ ಅವಳು ರೇಶಿಯೋ ಟೆಸ್ಟ್ ಹಾಕಿದ್ದು ಬೇರೆಯೇ ಶ್ರೇಣಿಗೆ. ಅಲ್ಲಿ ಅನುಪಾತ ನೆಟ್ಟಗೆ q ಗೆ ಹೋಗುತ್ತದೆ, ಯಾರ ಅಪ್ಪಣೆಯೂ ಬೇಕಿಲ್ಲ. ಹುಡುಗಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಬಾಯಿಂದ ಬಂದದ್ದು ಮಾತ್ರ ಬೇರೆ. "ಸರ್ ಹೇಳಿದ್ದು ಸರಿ ಐತಿ ಚಂದನಾ. ಆ ಉದಾಹರಣಿ ಬ್ಯಾಡಾಗಿತ್ತು."

ಚಂದನಾ ಡಸ್ಟರ್ ತೆಗೆದುಕೊಂಡು ಬೋರ್ಡು ಒರೆಸಿದಳು. ಮೇಲಿನಿಂದ ಶುರುಮಾಡಿ ನಿಧಾನವಾಗಿ, ಪೂರ್ತಿ ಒರೆಸಿದಳು. ಕ್ರಾಂತಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭೂಮಿ ಇಂಥ ಸಣ್ಣ ಕೆಲಸಕ್ಕೆಲ್ಲ ಬಾಯಿ ಬಿಡುವುದಿಲ್ಲ. ಅವನು ಅಲ್ಲೇ ಕುಳಿತು ಮುಂದಿನ ಹುಡುಗನ ಸೆಮಿನಾರ್ ಕೇಳಿದ, ಚೆನ್ನಾಗಿತ್ತು ಅಂದ.

ಸಂಜೆ ಗುರುಬಸವರಾಜ ಸರ್ ಚಹಾ ಕುಡಿಯುತ್ತಾ ಹೇಳಿದರು, "ಹುಡುಗಿ ಶಾಣ್ಯಾಕಿ ಅದಾಳ. ಸ್ವಲ್ಪ ದಾರಿ ತಪ್ಯಾಳ, ಅಷ್ಟ. ಅಕೀನ ಹೊಸಪೇಟೆಗೆ ಕಳಿಸೋಣು. ಆದ್ರ ಕ್ಲಾಸಿನ್ಯಾಗ ಹೇಳಿಕೊಟ್ಟ ರೀತೀಲೆ ಮಾಡ್ಲಿ. ಗುರುವಾರ ಇಲ್ಲೇ ಒಮ್ಮಿ ಮಾಡಿ ತೋರ್ಸಲಿ." ಹೇಳಿ, ಮುಂದಿನ ವರ್ಷದ ಪಾಠದ ಮಾತೆತ್ತಿ, "ನಿಂದು ನನಗ ಬಿಡು" ಅಂದರು. ಬೇಕೆಂದದ್ದು ಸಿಕ್ಕಿತ್ತು. ಯಾವುದರ ಬದಲಿಗೆ ಸಿಕ್ಕಿತು ಅಂತ ಅವನಿಗೆ ಮಾತ್ರ ಗೊತ್ತಿತ್ತು.

ತನ್ನೂರು ಹಿರೇಹಡಗಲಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಅವನು ತನ್ನನ್ನು ತಾನೇ ಸಮಾಧಾನಪಡಿಸಲು ನೋಡಿದ. ಎಲ್ಲರ ಮುಂದೆ ಹಿರಿಯರಿಗೆ ಎದುರಾಡುವುದು ಸರಿಯೇ? ಆಮೇಲೆ ಅವಳಿಗೆ ಒಬ್ಬಳಿಗೇ ಹೇಳಿದರೆ ಆಯಿತಲ್ಲ? ಸಮಾಧಾನ ಊರು ಬರುವ ತನಕವೂ ಬಾಳಲಿಲ್ಲ. ಅವಳು ತನ್ನತ್ತ ನೋಡಿದ್ದು ಮತ್ತೆ ಮತ್ತೆ ಕಣ್ಣಿಗೆ ಬಂತು. ಅವಳು ಸಹಾಯ ಬೇಡಿ ನೋಡಿರಲಿಲ್ಲ. ಈಗ ಸರ್ ಹೇಳುತ್ತಾರೆ ಅಂತ ನಂಬಿ, ಕಾದು ನೋಡಿದ್ದಳು.

ಮನೆಯಲ್ಲಿ ಅವ್ವ ಜೋಗಮ್ಮ ರೊಟ್ಟಿ ಬಡಿಯುತ್ತಿದ್ದರು. ಅಪ್ಪ ಭೀಮರಾಜ ತಾಟಿನ ಮುಂದೆ ಕೂತು ಮಗನ ಹಾದಿ ಕಾಯುತ್ತಿದ್ದರು. ಚಂದನಾಳ ವಿಷಯ ಅವರಿಗೆ ಗೊತ್ತು, ಕ್ರಾಂತಿಯೇ ವಾರಗಟ್ಟಲೆ ಹೊಗಳಿದ್ದ.

"ಹೆಂಗ್ ಮಾಡಿದ್ಲಪ ನಿಮ್ಮ ಹುಡುಗಿ?"

"ಚೊಲೋ ಮಾಡಿದ್ಲು. ಒಂದ್ ಸಣ್ಣ ತಪ್ಪ್ ಆತು."

"ನೀನು ತಿದ್ದಿದೇನು?"

"ಹೂಂ."

"ಮತ್ತ? ಅದಕ್ಕ ಮೇಷ್ಟ್ರು ಬೇಕು ಅನ್ನೋದು" ಅಂದರು ಅಪ್ಪ, ಹೆಮ್ಮೆಯಿಂದ, ಅವ್ವನತ್ತ ತಿರುಗಿ. ಕ್ರಾಂತಿ ರೊಟ್ಟಿ ಮುರಿದ. ತಿನ್ನದೆ ತಾಟಿನಲ್ಲೇ ಇಟ್ಟ. ಪಲ್ಯ ಖಾರ ಆಗೇತಿ ಅಂತ ಸುಳ್ಳು ಹೇಳಿ ಕೈ ತೊಳೆದ, ಅದರಿಂದ ಏನೂ ತಪ್ಪು ಮಾಡದ ಅವ್ವನೂ ಮುಖ ಸಣ್ಣದು ಮಾಡಿಕೊಂಡರು.

ಸೋಮವಾರ ಹೇಳಿಬಿಡುತ್ತೇನೆ ಅಂದುಕೊಂಡೇ ಕಾಲೇಜಿಗೆ ಹೋದ. ಸೋಮವಾರ ಅವಳು ಬಂದಿರಲಿಲ್ಲ. ಮಂಗಳವಾರ ಬಂದಳು, ಮುಂದಿನ ಬೆಂಚು ಬಿಟ್ಟು ನಡುವೆಲ್ಲೋ ಕೂತಳು, ಕ್ಲಾಸು ಮುಗಿಯುವ ತನಕ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮೊದಲಾದರೆ ಕ್ರಾಂತಿ ಬೋರ್ಡಿನ ಮೇಲೆ ಒಂದು ಸಾಲು ಹಾರಿಸಿದರೂ 'ಅದು ಹೆಂಗ್ ಬಂತ್ರಿ ಸರ್' ಅಂತ ಹಿಡಿದು ನಿಲ್ಲಿಸುವವಳು. ಅವತ್ತು ಅವನು ಬೇಕಂತಲೇ ಒಂದು ಸಾಲು ಹಾರಿಸಿ ನೋಡಿದ. ಅವಳು ಸುಮ್ಮನೆ ಬರೆದುಕೊಂಡಳು.

ಬುಧವಾರ ಲೈಬ್ರರಿಯಲ್ಲಿ ಅವನಿದ್ದ ಮೇಜಿಗೆ ತಾನೇ ಬಂದಳು. ಮುಖದಲ್ಲಿ ನಗುವಿತ್ತು, ಕಣ್ಣು ಮಾತ್ರ ನಿದ್ದೆಗೆಟ್ಟಿದ್ದವು.

"ಸರ್, ನನ್ನ ತಪ್ಪು ಸಿಕ್ತ್ರಿ."

"ಯಾವ ತಪ್ಪು?"

"ನೀವು ಅವತ್ತು ಹೇಳಿದ್ರಲ್ಲ. ಹುಡುಕ್ಕೊಂತ ಹೊಂಟೆ, ಹುಡುಕ್ಕೊಂತ ಹೊಂಟೆ, ಸಿಗವಲ್ದು. ಎಲ್ಲಾ ಸಾಲೂ ಸರಿ ಅನ್ನಿಸ್ತಿತ್ರಿ. ಆದ್ರ ನೀವ ಸರಿ ಇಲ್ಲ ಅಂದ ಮ್ಯಾಲೆ ಎಲ್ಲೋ ಇರಬೇಕಲ್ಲ? ನಿನ್ನಿ ಹೊಳೀತು. ಕೆಳಗ ನಾನು ರೇಶಿಯೋ ಟೆಸ್ಟ್ ಹಾಕೀನಿ. ರೇಶಿಯೋ ನಡಿಯಂಗಿಲ್ಲ ಅಂತ ಶುರು ಮಾಡಿ ಅದನ್ನ ಹಾಕೀನಿ. ತನ್ನ ಬಾಲ ತಾನ ಹಿಡಕೊಂಡಂಗ ಆತ್ರಿ. ಗುರುಬಸವರಾಜ ಸರ್ ಅದನ್ನ ಹೇಳಿದ್ದು, ನನಗ ಅವತ್ತು ತಿಳೀಲಿಲ್ಲ."

ಇಲ್ಲದ ತಪ್ಪನ್ನು ಮೂರು ದಿನ ಹುಡುಕಿ, ಸಿಗದಿದ್ದಾಗ ಸರಿ ಇರುವ ಸಾಲಿನ ಮೇಲೇ ತಪ್ಪು ಹೊರಿಸಿಕೊಂಡು ಬಂದಿದ್ದಳು. ತನ್ನ ಬುದ್ಧಿಗಿಂತ ಅವನ ಮಾತು ದೊಡ್ಡದು ಅಂತ ನಂಬಿದ್ದಕ್ಕೆ ಇದು ಫಲ.

"ನೀವು ಹೇಳದಿದ್ರ ನಾನು ಹೊಸಪೇಟ್ಯಾಗ ಎಲ್ಲಾರ ಮುಂದ ಮರ್ಯಾದಿ ಕಳಕೊಂತಿದ್ದೆ" ಅಂದಳು. "ಥ್ಯಾಂಕ್ಸ್ ರಿ ಸರ್."

ಅವಳು ಹೋದ ಮೇಲೆ ಅವನು ಮೇಜಿನ ಮೇಲಿನ ಪುಸ್ತಕ ತೆರೆದು ಮುಚ್ಚಿದ. ಆ ಥ್ಯಾಂಕ್ಸ್ ಎಂಬ ಮಾತಿಗಿಂತ ಅವಳು ಕೆನ್ನೆಗೆ ಬಾರಿಸಿದ್ದರೆ ಹಗುರಾಗುತ್ತಿತ್ತು. ಈಗಲೂ ಕರೆದು ಹೇಳಬಹುದಾಗಿತ್ತು, ಅವಳಿನ್ನೂ ಮೆಟ್ಟಿಲು ಇಳಿದಿರಲಿಲ್ಲ. ಕರೆಯಲಿಲ್ಲ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಹಾಗೆ, ನುಂಗಲೂ ಆಗದೆ ಉಗುಳಲೂ ಆಗದೆ ಕುಳಿತ. ನಾಚಿಕೆಗೆ ಒಂದು ವಿಚಿತ್ರ ಗುಣವಿದೆ. ಮೊದಲನೆಯ ಸಲ ಬಾಯಿ ಮುಚ್ಚಿದವನಿಗೆ ಎರಡನೆಯ ಸಲ ತೆರೆಯುವುದು ಇನ್ನೂ ಕಷ್ಟ, ಯಾಕೆಂದರೆ ಈಗ ಎರಡು ಸಂಗತಿ ಹೇಳಬೇಕು: ಇದು ಸರಿ, ಮತ್ತು ನಾನು ಅವತ್ತು ಸುಳ್ಳು ಹೇಳಿದೆ.

ಗುರುವಾರ ಅದೇ ಕೋಣೆಯಲ್ಲಿ ಎಲ್ಲರೂ ಸೇರಿದರು. ಚಂದನಾ ಬೋರ್ಡಿನ ಮುಂದೆ ನಿಂತು ಎರಡು ಸಾಲಿನ ಸಾಧನೆಯನ್ನು ಚೊಕ್ಕವಾಗಿ ಬರೆದಳು. ಭಾಗಿಸು, ಲಿಮಿಟ್ ತೆಗೆ, n ಭಾಗಿಸು n+1 ಒಂದಕ್ಕೆ ಹೋಯಿತು, ತ್ರಿಜ್ಯ ಅದೇ. ದನಿ ಎಲ್ಲೂ ನಡುಗಲಿಲ್ಲ, ಎಲ್ಲೂ ಏರಲೂ ಇಲ್ಲ. ಬಾಯಿಪಾಠ ಒಪ್ಪಿಸುವ ಮಗುವಿನ ಹಾಗೆ ಹೇಳಿ ಮುಗಿಸಿದಳು. ಗುರುಬಸವರಾಜ ಸರ್ ತಲೆದೂಗಿದರು. ತಿಪ್ಪೇಶ ಚಪ್ಪಾಳೆ ತಟ್ಟಿದ.

"ಯಾರದರ ಪ್ರಶ್ನಿ ಇದ್ರ ಕೇಳ್ರಿ. ಅಲ್ಲಿ ಪ್ರೊಫೆಸರುಗಳು ಕೇಳ್ತಾರ, ರೂಢಿ ಆಗ್ಲಿ" ಅಂದರು ಸರ್.

ಯಾರೂ ಕೇಳಲಿಲ್ಲ. ಹೊಸಪೇಟೆಯಲ್ಲಿ ಮಾತ್ರ ಯಾರಾದರೂ ಕೇಳಿಯೇ ಕೇಳುತ್ತಾರೆ ಅನ್ನುವುದು ಕ್ರಾಂತಿಗೆ ಗೊತ್ತಿತ್ತು. ಆ ಲಿಮಿಟ್ ಇದೆ ಅಂತ ಯಾವ ಆಧಾರದ ಮೇಲೆ ಹೇಳಿದೆಯಮ್ಮ ಅಂತ ಒಬ್ಬ ಪ್ರೊಫೆಸರ್ ಕೇಳಿದರೆ ಸಾಕು. ಅವಳ ಹತ್ತಿರ ಉತ್ತರ ಇತ್ತು, ಅದನ್ನು ತಾನೇ ಕಸಿದುಕೊಂಡಿದ್ದ. ಅವನ ಕಾಲು ಅವನಿಗೆ ಹೇಳದೆಯೇ ಎದ್ದು ನಿಂತಿತು.

"ನಂದೊಂದು ಪ್ರಶ್ನಿ" ಅಂದ. ದನಿ ತನ್ನದಲ್ಲ ಅನ್ನಿಸಿತು. "ಆ ಲಿಮಿಟ್ ಐತಿ ಅಂತ ಯಾರು ಹೇಳಿದ್ರು?"

ಚಂದನಾ ಅವನನ್ನೇ ನೋಡಿದಳು. ಅವನು ಬೆಂಚುಗಳ ನಡುವೆ ನಡೆದು ಬಂದು ಚಾಕ್‌ಪೀಸು ತೆಗೆದುಕೊಂಡ, ಅವಳು ಶನಿವಾರ ಒರೆಸಿದ್ದ ಶ್ರೇಣಿಯನ್ನು ಬರೆದ. 1 + 2x + x² + 2x³ + … ಸಮ ಘಾತದ ಪದಗಳನ್ನು ಒಂದು ಕಡೆ, ಬೆಸ ಘಾತದವನ್ನು ಇನ್ನೊಂದು ಕಡೆ ಕೂಡಿಸಿದ. ಎರಡೂ ಎಲ್ಲರಿಗೂ ಗೊತ್ತಿರುವ ಗುಣೋತ್ತರ ಶ್ರೇಣಿಗಳು. ಮೊತ್ತ 1+2x ಭಾಗಿಸು 1−x². ಚಿಹ್ನೆ ಬಿಟ್ಟು x ನ ಬೆಲೆ ಒಂದಕ್ಕಿಂತ ಸಣ್ಣದಿದ್ದರೆ ನಿಲ್ಲುತ್ತದೆ, ಒಂದು ಮುಟ್ಟಿದರೆ ಪದಗಳು ಸೊನ್ನೆಯತ್ತ ಇಳಿಯುವುದೇ ಇಲ್ಲ. ತ್ರಿಜ್ಯ ಒಂದು. ಲಿಮಿಟ್ ಇಲ್ಲ, ತ್ರಿಜ್ಯ ಇದೆ. ಆಮೇಲೆ ಪದಪದವಾಗಿ ಅವಕಲಿಸಿದ: 2 + 2x + 6x² + 4x³ + 10x⁴ + … ಮೊತ್ತವನ್ನೂ ಬೇರೆಯಾಗಿ ಅವಕಲಿಸಿ ಬಿಡಿಸಿದ. ಅದೇ ಸಂಖ್ಯೆಗಳು ಬಂದವು.

"ಚಂದನಾ ಅವತ್ತು ಕೊಟ್ಟ ಸಾಧನಿ ಸರಿ ಇತ್ತು" ಅಂದ. "ಕಡೀಕ ಅಕಿ ರೇಶಿಯೋ ಟೆಸ್ಟ್ ಹಾಕಿದ್ದು ಈ ಶ್ರೇಣಿಗಲ್ಲ. n ಗುಣಿಸು q ನ ಘಾತ, ಆ ಶ್ರೇಣಿಗೆ. ಅಲ್ಲಿ ಲಿಮಿಟ್ ಐತಿ, ಅದು q. ಅದರಾಗ ಬಾಲ ಹಿಡಕೊಂಡಿದ್ದೇನೂ ಇಲ್ಲ. ತ್ರಿಜ್ಯ ಹಿಗ್ಗಂಗೂ ಇಲ್ಲ, ಯಾಕಂದ್ರ ಅವಕಲಿಸಿದ ಪದ ಮೂಲದ್ದಕ್ಕಿಂತ ಸಣ್ಣದಾಗೋದಿಲ್ಲ, x ನ ಒಂದು ಘಾತ ಬಿಟ್ರ. ಯಾವ ಶ್ರೇಣಿಗಾದ್ರೂ ನಡೀತತಿ ಇದು. ನಾವು ಹೇಳಿಕೊಡೋ ಎರಡು ಸಾಲಿಂದು ಲಿಮಿಟ್ ಇದ್ದಾಗಷ್ಟ ನಡೀತತಿ."

ಹೇಳಿ ಮುಗಿಸಿ ಗುರುಬಸವರಾಜ ಸರ್ ಕಡೆ ತಿರುಗುವುದಕ್ಕೆ ಅವನಿಗೆ ಇದ್ದಬದ್ದ ಧೈರ್ಯವೆಲ್ಲ ಬೇಕಾಯಿತು. ಅವರು ಸಿಟ್ಟಾಗಿರಲಿಲ್ಲ. ಬೋರ್ಡನ್ನೇ ನೋಡುತ್ತಿದ್ದರು. ಒಂದೊಂದು ಸಾಲನ್ನೂ ತುಟಿ ಅಲುಗಿಸುತ್ತಾ ಓದಿದರು. 1−x² ಇರುವಲ್ಲಿಗೆ ಬಂದು ನಿಂತರು.

"ಹೌದಲ್ಲೋ" ಅಂದರು, ಹುಡುಗರ ಮುಂದೆ ಇದುವರೆಗೆ ಹಚ್ಚುತ್ತಿದ್ದ ಬಹುವಚನ ಮರೆತು. "ಕೂಡಿಸಿ ನೋಡಿದ್ರ ಮುಗೀತಿತ್ತು." ಆಮೇಲೆ ಕನ್ನಡಕ ತೆಗೆದು ಅವನನ್ನು ನೋಡಿದರು. "ನಾನು ಅವತ್ತು ನಿನ್ನ ಕೇಳಿದ್ನಲ್ಲಪ."

ಕ್ರಾಂತಿ ಚಾಕ್‌ಪೀಸನ್ನು ಬೋರ್ಡಿನ ಕೆಳಗಿನ ಪಟ್ಟಿಯ ಮೇಲಿಟ್ಟ.

"ಬಾಯಿ ಮಾತಿಗೆ ಕೇಳ್ಲಿಲ್ಲ ನಾನು. ಆ ಹುಡುಗಿ ಸಾಧನಿ ನೋಡಿ ನನಗೂ ಒಳಗ ಸಂಶಯ ಬಂದಿತ್ತು. ಹುಡುಗರು ನಕ್ರು ಅಂತ ನಾನೂ ಎರಡು ಮಾತು ಹೆಚ್ಚ ಆಡಿದೆ, ಖರೆ. ಅದಕ್ಕ ನಿನ್ನ ಕಡೆ ತಿರುಗಿದ್ದು. ನೀನು ಓದಿದವ, ತಪ್ಪಿದ್ರ ಹೇಳ್ತೀ ಅಂತ." ಅವರು ನಿಟ್ಟುಸಿರು ಬಿಟ್ಟರು. "ನನ್ನಿಂದ ಕಲ್ತವನು ನನ್ನನ್ನ ಇಷ್ಟು ಸಣ್ಣಾವ ಅಂತ ತಿಳಕೊಂಡಿದ್ನೇನು?"

ಅವರು ಎದ್ದು ಚಂದನಾಳ ಹತ್ತಿರ ಹೋಗಿ, "ತಪ್ಪಾತವಾ ತಂಗಿ. ಹೊಸಪೇಟ್ಯಾಗ ನಿಂದ ಹೇಳು" ಅಂದರು. ಅಷ್ಟು ಸಲೀಸಾಗಿ ಅಂದರು. ಕ್ರಾಂತಿ ಐದು ದಿನ ಹೊತ್ತು ತಿರುಗಿದ ಭಾರವನ್ನು ಆ ಮನುಷ್ಯ ಒಂದು ಮಾತಿನಲ್ಲಿ ಇಳಿಸಿ, ಬಾಗಿಲು ದಾಟಿ ಹೋದರು. ಹೆದರಬೇಕಾದ್ದೇ ಇರಲಿಲ್ಲ. ಹೆದರಿಕೆಗೆ ಕಾರಣವಿದ್ದಿದ್ದರೆ ಅದರ ನೆರಳಲ್ಲಾದರೂ ನಿಲ್ಲಬಹುದಿತ್ತು. ಈಗ ಅದೂ ಹೋಯಿತು, ಬರೀ ಹೇಡಿತನ ಉಳಿಯಿತು.

ಹುಡುಗರು ಒಬ್ಬೊಬ್ಬರಾಗಿ ಎದ್ದು ಹೋದರು. ಚಂದನಾ ಬೋರ್ಡಿನ ಪಕ್ಕದಲ್ಲೇ ನಿಂತಿದ್ದಳು.

"ಸರ್, ಒಂದು ಕೇಳ್ಲೇನ್ರಿ?"

"ಕೇಳು."

"ಇದು ನಿಮಗ ಆಮ್ಯಾಲೆ ಹೊಳೀತೇನ್ರಿ? ಇಲ್ಲಾ ಅವತ್ತ ಗೊತ್ತಿತ್ತಾ?"

ಅವಳ ದನಿಯಲ್ಲಿ ಆರೋಪವಿರಲಿಲ್ಲ. ಆಮೇಲೆ ಹೊಳೆಯಿತು ಅನ್ನಲಿ ಅನ್ನುವ ಆಸೆಯಿತ್ತು, ಅದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಅನ್ನುವುದು ಸುಲಭವೂ ಆಗಿತ್ತು. ಅವಳು ನಂಬುತ್ತಿದ್ದಳು, ಅವನು ಹೇಳಿದ್ದನ್ನೆಲ್ಲ ನಂಬುವವಳು.

"ಅವತ್ತ ಗೊತ್ತಿತ್ತು" ಅಂದ ಕ್ರಾಂತಿ.

ಅವಳು ತಲೆಯಾಡಿಸಿದಳು. ಬೆಂಚಿಗೆ ಹೋಗಿ ಹಾಳೆ ತೆಗೆದು, ತನ್ನ ಹಳೆಯ ಸಾಧನೆಯನ್ನು ಮೊದಲಿನಿಂದ ಬರೆಯತೊಡಗಿದಳು. x, ನಡುವೆ r, ಮಿತಿ M, ಆಮೇಲೆ q. ಕ್ರಾಂತಿ ಹತ್ತಿರ ಬಂದು ಹೆಗಲ ಹಿಂದಿನಿಂದ ಓದಿದ. ಒಂದು ಚುಕ್ಕೆಯೂ ತಪ್ಪಿರಲಿಲ್ಲ.

"ಎಲ್ಲಾ ಸರಿ ಐತಿ ಚಂದನಾ. ಇದನ್ನ ಹಿಂಗ ಹೇಳು."

ಅವಳು ಪೆನ್ನು ಎತ್ತಲಿಲ್ಲ, ಮುಖವನ್ನೂ ಎತ್ತಲಿಲ್ಲ.

"ಇರ್ಲಿ ಬಿಡ್ರಿ ಸರ್" ಅಂದಳು, ಮರ್ಯಾದೆಗೆ ಎಳ್ಳಷ್ಟೂ ಕುಂದಿಲ್ಲದ ದನಿಯಲ್ಲಿ. "ಸರಿ ಐತೋ ಇಲ್ಲೋ, ನಾನ ನೋಡ್ಕೊಂತೀನಿ."